ಇಪ್ಪತ್ತೈದು ಮಿಲಿಮೀಟರಿನ ಸಾಕ್ಷಿ

ಕತೆಯ ಪ್ರೂಫ್ ನೋಡುವಾಗ ಅರ್ಧ ಕೆಲಸವನ್ನು ಅರ್ಥವೇ ಮಾಡಿಕೊಡುತ್ತದೆ. ‘ಬಾಗಿಲು ತೆರೆದಳು’ ಎಂಬಲ್ಲಿ ‘ಬಾಗಿಲು ತೆದರಳು’ ಅಂತ ಬಿದ್ದಿದ್ದರೆ ಕಣ್ಣು ತಾನಾಗಿ ಎಡವುತ್ತದೆ. ಆದರೆ 6205 ಇರಬೇಕಾದ ಕಡೆ 6250 ಬಿದ್ದಿದ್ದರೆ ಎಡವುವುದಕ್ಕೆ ಅಲ್ಲಿ ಕಲ್ಲೇ ಇಲ್ಲ. ಎರಡೂ ನಾಲ್ಕು ಅಂಕಿ, ಎರಡೂ ಅಷ್ಟೇ ಅಗಲ, ಎರಡೂ ಅಷ್ಟೇ ಗಂಭೀರ. ವಸ್ತುಪ್ರದರ್ಶನದ ಕೆಟಲಾಗು ತಿದ್ದುವವರ ಕಷ್ಟವೆಲ್ಲ ಇಲ್ಲಿಂದಲೇ ಶುರು.

ನಾನು ಈ ಕೆಲಸಕ್ಕೆ ಬಂದದ್ದು ಪಠ್ಯಪುಸ್ತಕದ ಪ್ರೂಫ್‌ಗಳಿಂದ. ಕಾಗುಣಿತ, ಒತ್ತಕ್ಷರ, ವಿಭಕ್ತಿ ಎಲ್ಲ ಬಲ್ಲೆ ಅನ್ನುವ ಧೈರ್ಯವಿತ್ತು. ತುಮಕೂರು ರಸ್ತೆಯ ಕಡೆಯ ಸಣ್ಣ ಕೈಗಾರಿಕೆಗಳವರು ಸೇರಿ ನಡೆಸಿದ ಒಂದು ಪ್ರದರ್ಶನಕ್ಕೆ 96 ಪುಟದ ಕೆಟಲಾಗು, ಅಂದರೆ ಹದಿನಾರು ಪುಟದ ಆರು ಫಾರಂ, ಮೊದಲ ಸಲ ಕೈಗೆ ಬಂದಾಗ ಪುಟದ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಕತೆ ಓದಿದ ಹಾಗೇ ಓದಿದೆ. ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ ಏನನ್ನೂ ಓದುತ್ತಿಲ್ಲ, ಸುಮ್ಮನೆ ಕಣ್ಣು ಹಾಯಿಸುತ್ತಿದ್ದೇನೆ ಅಂತ ಗೊತ್ತಾಯಿತು. ಅರ್ಥವಿಲ್ಲದ್ದನ್ನು ಮನಸ್ಸು ಓದುವುದಿಲ್ಲ. ಹಾಗಾದರೆ ಅಂಕಿಗೂ ಒಂದು ಅರ್ಥ ಹುಡುಕಿಕೊಡಬೇಕು. ಈಗ ನಾನು ಮಾಡುವುದು ಅದನ್ನೇ: ಒಂದು ಕಾಲಂ ಹೇಳಿದ್ದು ಸರಿಯೇ ಅಂತ ಪಕ್ಕದ ಕಾಲಂ ಅನ್ನು ಕೇಳುವುದು.

ಇತ್ತೀಚಿನ ಒಂದು ಪ್ರೂಫಿನಿಂದ ಆರು ಸಾಲು ತೋರಿಸುತ್ತೇನೆ. ಬಾಲ್ ಬೇರಿಂಗ್ ಮಾರುವ ಮಳಿಗೆಯೊಂದರ ಪಟ್ಟಿ. ಬೆಲೆಗಳನ್ನು ಮಾತ್ರ ಲೆಕ್ಕಕ್ಕೆ ಸುಲಭವಾಗಲಿ ಅಂತ ಬದಲಿಸಿದ್ದೇನೆ. ಮೊದಲನೆಯದು ಕೋಡು, ಎರಡನೆಯದು ಅಳತೆ ಮಿಲಿಮೀಟರಿನಲ್ಲಿ, ಮೂರನೆಯದು ತೆರಿಗೆ ಬಿಟ್ಟು ಬೆಲೆ, ಕೊನೆಯದು ಶೇಕಡಾ 18 ಜಿಎಸ್‌ಟಿ ಸೇರಿಸಿದ ಬೆಲೆ.

```
6203   17×40×12   120   141.60
6204   20×47×14   150   177.00
6250   25×52×15   180   212.40
6206   30×62×16   320   283.20
6207   35×72×17   320   377.60
6208   40×80×18   410   483.80
```

ಮೋಟಾರು, ಪಂಪು, ಮಿಕ್ಸಿ, ಸ್ಕೂಟರು ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ಗುಟ್ಟೊಂದಿದೆ. ಈ ಬೇರಿಂಗ್ ನಂಬರಿನ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಬೇರಿಂಗಿನ ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. ಅವರು ಅದನ್ನು ಬೋರ್ ಅನ್ನುತ್ತಾರೆ. 04 ಅಂದರೆ 20, 06 ಅಂದರೆ 30, 08 ಅಂದರೆ 40. ನಾಲ್ಕಕ್ಕಿಂತ ಕೆಳಗಿನವು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ: 00 ಅಂದರೆ 10, 01 ಅಂದರೆ 12, 02 ಅಂದರೆ 15, 03 ಅಂದರೆ 17. ಮುಂದಿನ 62 ಎಂಬುದು ಬೇರಿಂಗಿನ ಜಾತಿ ಮತ್ತು ಅಗಲ-ಹೊರವ್ಯಾಸದ ಸರಣಿ. ಇದು ಒಬ್ಬ ಮಾರಾಟಗಾರನ ಪದ್ಧತಿಯಲ್ಲ, ಲೋಕದ ಬೇರಿಂಗ್ ಕಂಪನಿಗಳೆಲ್ಲ ಒಪ್ಪಿ ಬಳಸುವ ಸಂಖ್ಯೆ.

ಈಗ ಮೂರನೇ ಸಾಲು ನೋಡಿ. 6250 ನಿಜವಾದರೆ ಬೋರ್ 250 ಮಿಲಿಮೀಟರ್ ಇರಬೇಕು. ಊಟದ ತಟ್ಟೆಯಷ್ಟು ಅಗಲದ ತೂತು! ಪಕ್ಕದ ಕಾಲಂ 25 ಅನ್ನುತ್ತಿದೆ. ಐದೈದಲಿ ಇಪ್ಪತ್ತೈದು, ಅಂದಮೇಲೆ ಕೋಡು 6205. ಟೈಪು ಮಾಡುವಾಗ ಸೊನ್ನೆಯೂ ಐದೂ ಜಾಗ ಬದಲಿಸಿವೆ. ಮೇಲೆ 6204, ಕೆಳಗೆ 6206 ಇರುವುದೂ ಅದನ್ನೇ ಹೇಳುತ್ತದೆ. ಆದರೆ ಸಾಲಿನ ಕ್ರಮವನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ, ಏಕೆಂದರೆ ಎಷ್ಟೋ ಪಟ್ಟಿಗಳಲ್ಲಿ ನಡುನಡುವೆ ಸರಕು ಬಿಟ್ಟುಹೋಗಿರುತ್ತದೆ. ಅಳತೆಯ ಸಾಕ್ಷಿ ಗಟ್ಟಿ.

ನಾಲ್ಕನೇ ಸಾಲಿನಲ್ಲಿ ಇನ್ನೊಂದು ಬಗೆಯ ತಪ್ಪು. 6206ಕ್ಕೂ 6207ಕ್ಕೂ ಒಂದೇ ಬೆಲೆ, 320. ದೊಡ್ಡದಕ್ಕೂ ಚಿಕ್ಕದಕ್ಕೂ ಬೆಲೆ ಒಂದೇ ಇರಬಾರದೆಂದೇನಿಲ್ಲ, ಆದರೂ ಅನುಮಾನ ಪಡಬೇಕಾದ ಜಾಗ. ಜಿಎಸ್‌ಟಿ ಕಾಲಂ ಅನ್ನು ಕೇಳೋಣ. ಶೇಕಡಾ 18ಕ್ಕೆ ಕ್ಯಾಲ್ಕುಲೇಟರ್ ಬೇಕಿಲ್ಲ: ಬೆಲೆಯ ಐದನೇ ಒಂದು ಭಾಗ ತೆಗೆದು, ಅದರಲ್ಲಿ ಹತ್ತನೇ ಒಂದನ್ನು ಕಳೆದರೆ ಆಯಿತು. 320ರ ಐದನೇ ಒಂದು 64, ಅದರಲ್ಲಿ 6.40 ಕಳೆದರೆ 57.60. ಕೂಡಿಸಿದರೆ 377.60. ಪ್ರೂಫಿನಲ್ಲಿರುವುದು 283.20. ಅದು ಯಾವ ಬೆಲೆಗೆ ಹೊಂದುತ್ತದೆ? 240ಕ್ಕೆ: 48ರಲ್ಲಿ 4.80 ಕಳೆದರೆ 43.20, ಕೂಡಿಸಿದರೆ 283.20. ಟೈಪು ಮಾಡಿದವರ ಕಣ್ಣು ಒಂದು ಸಾಲು ಕೆಳಕ್ಕೆ ಜಾರಿ 320 ಎರಡು ಸಲ ಬಿದ್ದಿದೆ.

ಇಷ್ಟು ಗೊತ್ತಾದ ಮೇಲೂ ನಾನು 320 ಹೊಡೆದು 240 ಬರೆಯುವುದಿಲ್ಲ. ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿ, ‘240? ತೆರಿಗೆ ಕಾಲಂ ನೋಡಿ’ ಅಂತ ಬರೆದು ಬಿಡುತ್ತೇನೆ. ತಪ್ಪು ತೆರಿಗೆ ಕಾಲಂನಲ್ಲೇ ಇರಬಹುದಲ್ಲ? ಎರಡು ಕಾಲಂ ಜಗಳವಾಡುತ್ತಿವೆ ಅಂತ ಹೇಳುವುದಷ್ಟೇ ನನ್ನ ಕೆಲಸ, ತೀರ್ಪು ಕೊಡಬೇಕಾದವರು ಸರಕಿನ ಯಜಮಾನರು. ಈ ಬುದ್ಧಿ ಬಂದದ್ದು ಒಮ್ಮೆ ಕೈ ಸುಟ್ಟುಕೊಂಡ ಮೇಲೆ.

ಆ ಮೊದಲ ಕೆಟಲಾಗಿನಲ್ಲೇ ನಡೆದದ್ದು. ಬೇರಿಂಗಿಗೆ ಎರಡೂ ಬದಿ ತಗಡಿನ ಮುಚ್ಚಳ ಇದ್ದರೆ ನಂಬರಿನ ಹಿಂದೆ ಬಾಲವೊಂದು ಸೇರುತ್ತದೆ. ಕೆಲವು ಕಂಪನಿಗಳು ಅದನ್ನು ZZ ಎಂದು ಬರೆಯುತ್ತವೆ, ಕೆಲವು 2Z ಎಂದು. ರಬ್ಬರಿನ ಸೀಲು ಇದ್ದರೆ 2RS. ಒಂದೇ ಪುಟದಲ್ಲಿ 6204ZZ ಕೂಡ ಇದೆ, 6204-2Z ಕೂಡ ಇದೆ. ಪಠ್ಯಪುಸ್ತಕದಿಂದ ಬಂದ ನನಗೆ ಏಕರೂಪತೆಯೇ ಧರ್ಮ. ‘ಶಾಲೆ’ ಒಂದು ಕಡೆ, ‘ಶಾಲಾ’ ಇನ್ನೊಂದು ಕಡೆ ಇದ್ದರೆ ಸಹಿಸುವವಳಲ್ಲ. ಎಲ್ಲವನ್ನೂ ZZ ಮಾಡಿದೆ. ಮಾಡಿ ಹೆಮ್ಮೆಪಟ್ಟೆ ಕೂಡ. ಆದದ್ದೇನೆಂದರೆ, ಆ ಮಳಿಗೆಯಲ್ಲಿ ಎರಡು ಕಂಪನಿಯ ಸರಕಿತ್ತು, ಬೆಲೆಯೂ ಬೇರೆ ಬೇರೆ. ಬಾಲ ನೋಡಿಯೇ ಗಿರಾಕಿಗಳು ಯಾವ ಕಂಪನಿಯದೆಂದು ಗುರುತಿಸುತ್ತಿದ್ದರು. ಈಗ ಒಂದೇ ಕೋಡಿಗೆ ಎರಡು ಬೆಲೆ. ಪ್ರದರ್ಶನದ ಮೂರು ದಿನವೂ ಮಳಿಗೆಯ ಹುಡುಗರು ಬಂದವರಿಗೆಲ್ಲ ಪೆನ್ನಿನಲ್ಲಿ ತಿದ್ದಿಕೊಟ್ಟರಂತೆ. ಅವರು ನನ್ನನ್ನು ಬೈಯಲಿಲ್ಲ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಅಂದಿನಿಂದ ಒಂದು ಗೆರೆ ಎಳೆದುಕೊಂಡಿದ್ದೇನೆ. ನಮ್ಮದು ಯಾವುದು, ಅವರದು ಯಾವುದು. ಕೋಡಿನೊಳಗಿನ ಅಡ್ಡಗೆರೆ, ಖಾಲಿ ಜಾಗ, ಸಣ್ಣಕ್ಷರ, ದೊಡ್ಡಕ್ಷರ ಎಲ್ಲ ಅವರದು, ಎಷ್ಟೇ ಅಂದಗೆಟ್ಟಿದ್ದರೂ ಮುಟ್ಟುವಂತಿಲ್ಲ. ಕೋಡು ಯಾವ ಫಾಂಟಿನಲ್ಲಿ, ಯಾವ ಕಾಲಂನಲ್ಲಿ, ಅಳತೆಯ ಮುಂದೆಯೋ ಹಿಂದೆಯೋ ಎಂಬುದು ನಮ್ಮದು, ಅಲ್ಲಿ ಎಳ್ಳಷ್ಟೂ ಹೆಚ್ಚುಕಡಿಮೆ ಆಗುವಂತಿಲ್ಲ. ಎಚ್‌ಎಸ್‌ಎನ್ ಸಂಖ್ಯೆಯಂಥವು ಎರಡೂ ಅಲ್ಲ, ಸರ್ಕಾರದವು. ಬಾಲ್ ಬೇರಿಂಗು 8482ರ ಅಡಿ ಬರುತ್ತದೆ. ಅಂಕಿ ತಿರುವುಮುರುವಾಗಿ 8428 ಆದರೆ ಲಿಫ್ಟು, ಕನ್ವೇಯರುಗಳ ಮನೆಗೆ ಹೋಗುತ್ತದೆ. ಅದೂ ಇರುವ ಸಂಖ್ಯೆಯೇ ಆದ್ದರಿಂದ ನೋಡಿದವರಿಗೆ ಅನುಮಾನ ಬರುವುದಿಲ್ಲ.

ಕೋಡು ಕೆಡುವುದು ಬರೀ ಟೈಪು ಮಾಡುವಾಗಲ್ಲ. ಬಹಳಷ್ಟು ಸಲ ಅದು ನಮ್ಮ ಕೈಗೆ ಬರುವ ಮೊದಲೇ ಕೆಟ್ಟಿರುತ್ತದೆ. ಮಳಿಗೆಯವರು ಎಕ್ಸೆಲ್ ಹಾಳೆ ಕಳಿಸುತ್ತಾರೆ. 007415 ಎಂದು ಹೊಡೆದರೆ ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆಗಳನ್ನು ನುಂಗುತ್ತದೆ, 7415 ಉಳಿಯುತ್ತದೆ. 3-12 ಎಂಬ ಕೋಡನ್ನು ತಾರೀಕು ಅಂದುಕೊಂಡು 03-Dec ಮಾಡುತ್ತದೆ. 12E5 ಎಂಬುದು 1.20E+06 ಆಗುತ್ತದೆ. ಕೊನೆಯ ಎರಡು ಕಣ್ಣಿಗೆ ರಾಚುತ್ತವೆ. ನಟ್ಟು-ಬೋಲ್ಟಿನ ಪಟ್ಟಿಯಲ್ಲಿ ಡಿಸೆಂಬರ್ ತಿಂಗಳು ಬಂದರೆ ಯಾರಾದರೂ ನಗುತ್ತಾರೆ. ನುಂಗಿದ ಸೊನ್ನೆ ಮಾತ್ರ ಸದ್ದು ಮಾಡುವುದಿಲ್ಲ. ಅದಕ್ಕೆ ನಾನು ಕೋಡಿನ ಕಾಲಂ ಅನ್ನು ಬೇರೆಯಾಗಿ ತೆಗೆದು, ಎಲ್ಲ ಅಕ್ಷರಕ್ಕೂ ಒಂದೇ ಅಗಲವಿರುವ ಫಾಂಟಿನಲ್ಲಿ ಹಾಕಿ ನೋಡುತ್ತೇನೆ. ಆರಂಕಿಯ ಸಾಲುಗಳ ನಡುವೆ ನಾಲ್ಕಂಕಿಯದು ಇದ್ದರೆ ಬಾಯಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತದೆ.

ಕನ್ನಡದ ಕೆಟಲಾಗಿಗೆ ಇವಲ್ಲದೆ ನಮ್ಮದೇ ಆದ ಕಾಟಗಳಿವೆ. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡುಗಳು ಕೂತಿರುತ್ತವೆ. ಡಿಟಿಪಿಯವರು ಇಡೀ ಪಟ್ಟಿಯನ್ನು ಆಯ್ಕೆ ಮಾಡಿ ಫಾಂಟು ಬದಲಿಸಿದರೆ ಕೋಡಿನ ಇಂಗ್ಲಿಷ್ ಅಕ್ಷರಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿ ನಿಲ್ಲುತ್ತವೆ. ಇದು ಕಂಡೇ ಕಾಣುತ್ತದೆ, ತಿದ್ದಬಹುದು. ಕಾಣದೇ ಇರುವುದು ಕನ್ನಡದ ಸೊನ್ನೆ. ಕನ್ನಡ ಅಂಕಿಯಲ್ಲಿ ಬೆಲೆ ಹಾಕುವ ಹಟ ಕೆಲವು ಸಂಘಟಕರಿಗಿದೆ, ಒಳ್ಳೆಯ ಹಟವೇ. ಆದರೆ ೦ ಎಂಬ ಅಂಕಿಯೂ ಅನುಸ್ವಾರದ ಸೊನ್ನೆಯೂ ನೋಡುವುದಕ್ಕೆ ಅವಳಿ ಮಕ್ಕಳು. ಕಾಗದದ ಮೇಲೆ ವ್ಯತ್ಯಾಸವಿಲ್ಲ, ಆದರೆ ಪಿಡಿಎಫ್‌ನಲ್ಲಿ ಆ ಬೆಲೆಯನ್ನು ಹುಡುಕಿದರೆ ಸಿಗುವುದಿಲ್ಲ, ಕೂಡಿಸಲು ಹೋದರೆ ಲೆಕ್ಕ ಒಪ್ಪುವುದಿಲ್ಲ. ಇನ್ನು ರೂಪಾಯಿ ಚಿಹ್ನೆ. ₹ ಬಂದದ್ದು 2010ರಲ್ಲಿ, ಅದಕ್ಕೂ ಮುಂಚಿನ ಫಾಂಟುಗಳಲ್ಲಿ ಅದಕ್ಕೆ ಜಾಗವಿಲ್ಲ. ಆಗ ಕೆಲವರು ಬಳಸಿದ ಫಾಂಟಿನಲ್ಲಿ ` ಎಂಬ ಕೀಲಿಯ ಮೇಲೆ ರೂಪಾಯಿ ಕೂತಿತ್ತು. ಆ ಹಳೆಯ ಕಡತದಿಂದ ಎತ್ತಿದ ಬೆಲೆಗಳ ಮುಂದೆ ಇವತ್ತಿಗೂ ಒಂದು ಸಣ್ಣ ಗೀರು ಬಿದ್ದಿರುತ್ತದೆ, ಅಚ್ಚಿನ ಕೊಳೆ ಅಂದುಕೊಂಡು ದಾಟಿಬಿಡುತ್ತೇವೆ.

ಬೆಲೆಯ ಕಾಲಂಗೆ ಬರೋಣ. ಅದರಲ್ಲಿ ಅತಿ ಕೆಟ್ಟ ತಪ್ಪು ಅಂಕಿ ತಪ್ಪಲ್ಲ, ಇಡೀ ಕಾಲಂ ಒಂದು ಮನೆ ಸರಿಯುವುದು. ಪಟ್ಟಿಯ ನಡುವಿನ ಒಂದು ಸರಕನ್ನು ಕೊನೆಗಳಿಗೆಯಲ್ಲಿ ತೆಗೆಯುತ್ತಾರೆ. ಹೆಸರು, ಕೋಡು ಹೋಗುತ್ತದೆ, ಬೆಲೆ ಉಳಿಯುತ್ತದೆ. ಅಲ್ಲಿಂದ ಕೆಳಗೆ ಪ್ರತಿಯೊಂದು ಸರಕಿಗೂ ಅದರ ಮೇಲಿನದರ ಬೆಲೆ. ಇಲ್ಲಿ ಜಿಎಸ್‌ಟಿಯ ಸಾಕ್ಷಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಎರಡು ಬೆಲೆಗಳೂ ಕೈಕೈ ಹಿಡಿದುಕೊಂಡು ಒಟ್ಟಿಗೆ ಸರಿದಿರುತ್ತವೆ. 240ರ ಎದುರು 283.20 ಇದ್ದೇ ಇದೆ. ದೊಡ್ಡ ಅಳತೆಗೆ ದೊಡ್ಡ ಬೆಲೆ ಎಂಬ ಪರೀಕ್ಷೆಯನ್ನೂ ಪಾಸಾಗುತ್ತದೆ, ಸರಿದದ್ದು ಒಂದೇ ಮನೆ ತಾನೆ. ಇದನ್ನು ಹಿಡಿಯುವುದು ಮೂಲ ಪ್ರತಿ ಮಾತ್ರ. ಪ್ರತಿ ಪಟ್ಟಿಯಲ್ಲೂ ಮೊದಲ ಸಾಲು, ಕೊನೆಯ ಸಾಲು, ನಡುವೆ ಎಲ್ಲಾದರೂ ಒಂದು, ಈ ಮೂರನ್ನು ಅಡಿಪಟ್ಟಿ ಇಟ್ಟು ಮೂಲದ ಜೊತೆ ಹೋಲಿಸುತ್ತೇನೆ. ಕೊನೆಯ ಸಾಲು ಒಪ್ಪಿದರೆ ಕಾಲಂ ಸರಿದಿಲ್ಲವೆಂದು ಹೆಚ್ಚುಕಡಿಮೆ ಧೈರ್ಯ. ಹೆಚ್ಚುಕಡಿಮೆ ಅಂದೆ, ಏಕೆಂದರೆ ಒಂದು ಬೆಲೆ ಉಳಿದು ಮತ್ತೊಂದು ಬಿಟ್ಟುಹೋಗಿದ್ದರೆ ನಡುವೆ ಸರಿದು ಕೊನೆಗೆ ಸೇರಿಕೊಂಡಿರುತ್ತದೆ. ಅದಕ್ಕೇ ನಡುವಿನ ಸಾಲು.

ಆಮೇಲೆ ಹಾಳೆಯನ್ನು ತಲೆಕೆಳಗು ಮಾಡಿ ನೋಡುತ್ತೇನೆ. ನೋಡಿದವರು ನಗುತ್ತಾರೆ. ಅಂಕಿ ಓದಲಾಗದಂತೆ ಆದಾಗಲೇ ಆಕಾರ ಕಾಣುವುದು. ಬೆಲೆಗಳು ಬಲಕ್ಕೆ ಒತ್ತಿ, ದಶಮಾಂಶದ ಚುಕ್ಕಿಗಳು ಒಂದರ ಕೆಳಗೊಂದು ನಿಂತಿದ್ದರೆ 1,250ರ ಕುಟುಂಬದಲ್ಲಿ 12,500 ಇಣುಕಿದರೆ ಗೋಡೆಯಿಂದ ಹೊರಬಂದ ಮೊಳೆಯಂತೆ ಕಾಣುತ್ತದೆ. ಎಡಕ್ಕೆ ಒತ್ತಿದ ಪಟ್ಟಿಯಲ್ಲಿ ಈ ಅನುಕೂಲವಿಲ್ಲ, ಮಧ್ಯಕ್ಕೆ ನಿಲ್ಲಿಸಿದ್ದರಲ್ಲಂತೂ ಕೇಳಲೇಬೇಡಿ. ಡಿಟಿಪಿಯವರಿಗೆ ಮಧ್ಯಕ್ಕೆ ನಿಲ್ಲಿಸುವುದೆಂದರೆ ಅದೇನು ಪ್ರೀತಿಯೋ. ಅಲ್ಪವಿರಾಮವನ್ನೂ ಇದೇ ಸುತ್ತಿನಲ್ಲಿ ನೋಡಬೇಕು. ಹೊರದೇಶದ ತಂತ್ರಾಂಶದಲ್ಲಿ ತಯಾರಾದ ಪಟ್ಟಿಯಲ್ಲಿ 125,000 ಅಂತಿರುತ್ತದೆ, ನಮ್ಮ ಓದುಗರಿಗೆ ಬೇಕಾದದ್ದು 1,25,000.

ಅಂಕಿ ಸರಿಯಿದ್ದೂ ಬೆಲೆ ತಪ್ಪಾಗುವುದು ತಲೆಬರಹದಲ್ಲಿ. ‘ಎಂಆರ್‌ಪಿ’ ಅಂತ ಮೇಲೆ, ‘ಜಿಎಸ್‌ಟಿ ಪ್ರತ್ಯೇಕ’ ಅಂತ ಕೆಳಗೆ ಇರುವ ಪುಟ ಎಷ್ಟೋ ನೋಡಿದ್ದೇನೆ. ಎಂಆರ್‌ಪಿ ಅಂದರೇ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಕಾನೂನಿನ ಮಾತು. ಎರಡರಲ್ಲಿ ಒಂದು ಸುಳ್ಳು. ಹಾಗೆಯೇ ಬೋಲ್ಟಿನ ಬೆಲೆ ಒಂದಕ್ಕೋ ನೂರಕ್ಕೋ ಎಂಬುದು ಕಾಲಂನ ನೆತ್ತಿಯ ಮೇಲೆ ಒಂದೇ ಸಲ ಬರೆದಿರುತ್ತದೆ. ಪಟ್ಟಿ ಮುಂದಿನ ಪುಟಕ್ಕೆ ಹರಿದಾಗ ಆ ನೆತ್ತಿ ಹಿಂದೆಯೇ ಉಳಿಯುತ್ತದೆ. ಮುಂದಿನ ಪುಟ ತೆರೆದವರಿಗೆ ಬೋಲ್ಟು ಬಲು ದುಬಾರಿ. ಮೇಲಿನಂತೆಯೇ ಎಂದು ಸೂಚಿಸಲು ಹಾಕುವ " ಗುರುತಿನದೂ ಇದೇ ಪಾಡು. ಪುಟದ ಮೊದಲ ಸಾಲಿನಲ್ಲಿ ಅದು ಬಂದರೆ ಮೇಲೆ ಇರುವುದು ಬರೀ ಆಕಾಶ. ಪೈಪು ಫಿಟ್ಟಿಂಗಿನ ಪಟ್ಟಿಯಲ್ಲಿ ಅದೇ ಗುರುತು ಇಂಚೂ ಹೌದು. ಕೆಟಲಾಗಿನಲ್ಲಿ ಆ ಗುರುತನ್ನು ಇಂಚಿಗೆ ಮಾತ್ರ ಬಿಟ್ಟು, ಮಿಕ್ಕ ಕಡೆ ಪದವನ್ನೇ ಮತ್ತೆ ಬರೆಯಿರಿ ಅಂತ ನಾನು ಪ್ರತಿಸಲ ಹಟ ಹಿಡಿಯುತ್ತೇನೆ.

ಇದನ್ನೆಲ್ಲ ಒಂದೇ ಓದಿನಲ್ಲಿ ಮಾಡಲಾಗದು. ಒಂದು ಸುತ್ತು ಕೋಡಿಗೆ, ಒಂದು ಬೆಲೆಗೆ, ಕೊನೆಯದು ವಿನ್ಯಾಸಕ್ಕೆ. ವಿನ್ಯಾಸದ ಸುತ್ತಿಗೆ ಮುಂಚೆ ಒಂದು ಹಾಳೆಯ ಮೇಲೆ ನಿಯಮ ಬರೆದುಕೊಳ್ಳುತ್ತೇನೆ: ಮಳಿಗೆ ಸಂಖ್ಯೆ, ಸಂಸ್ಥೆ, ಊರು, ಫೋನು, ಸರಕು ಈ ಕ್ರಮದಲ್ಲೇ, ‘ಮಿ.ಮೀ.’ ಚುಕ್ಕಿಯೊಡನೆ, ಅಳತೆಯ ನಡುವೆ ಎಕ್ಸ್ ಅಕ್ಷರವಲ್ಲ, ಗುಣಾಕಾರ ಚಿಹ್ನೆ. ಅಕಾರಾದಿಯಲ್ಲಿ ‘ಶ್ರೀ’ಯಿಂದ ಶುರುವಾಗುವ ಸಂಸ್ಥೆಗಳನ್ನು ಎಲ್ಲಿ ಇಡುವುದೆಂದು ಮೊದಲೇ ತೀರ್ಮಾನಿಸದಿದ್ದರೆ ಪಟ್ಟಿಯ ಕಾಲುಭಾಗ ಶಕಾರದಲ್ಲೇ ಬೀಡುಬಿಡುತ್ತದೆ.

ಕೋಡಿನ ಸುತ್ತಿಗೆ ಇಬ್ಬರು ಬೇಕು. ಒಬ್ಬರು ಮೂಲ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಪೆನ್ಸಿಲ್ ಸರಿಸಬೇಕು. ಹಿಂದೆ ಪ್ರೆಸ್ಸುಗಳಲ್ಲಿ ಇದಕ್ಕೇ ಕಾಪಿ ಹೋಲ್ಡರ್ ಎಂಬ ಸಂಬಳದ ಕೆಲಸವಿತ್ತು. ಈಗ ನನಗೆ ಓದುವವರು ಪ್ರೆಸ್ಸಿನಿಂದ ನಿವೃತ್ತರಾದ ರಾಯರು, ಸಂಜೆ ಫೋನಿನಲ್ಲಿ. ಬಿ, ಡಿ, ಟಿ, ಪಿ ಫೋನಿನಲ್ಲಿ ಒಂದೇ ಥರ ಕೇಳಿಸುವುದರಿಂದ ‘ಬೆಂಗಳೂರು ಬಿ, ದಾವಣಗೆರೆ ಡಿ, ತುಮಕೂರು ಟಿ, ಪುತ್ತೂರು ಪಿ’ ಅನ್ನುತ್ತಾರೆ. ಅಂಕಿ ಬಿಡಿಬಿಡಿ: ನಲವತ್ತೆಂಟು ಅಲ್ಲ, ನಾಲ್ಕು ಎಂಟು. ಒಮ್ಮೆ ನಾನು ‘ಡಬಲ್ ಸೊನ್ನೆ’ ಅಂದಾಗ ತಡೆದರು.

“ಡಬಲ್ ಅನ್ಬೇಡಮ್ಮ. ಡಬಲ್ ಮೂರು ಅಂದ್ರೆ ಮೂವತ್ಮೂರು ಅಂತ ನೀನು ಅಂದ್ಕೋತೀಯ, ಆರು ಅಂತ ಬರ್ದವರನ್ನ ನಾನು ನೋಡಿದೀನಿ.”

ಸೊನ್ನೆಯನ್ನು ಅವರು ‘ಸೊನ್ನೆ’ ಅಂತಲೇ ಹೇಳುತ್ತಾರೆ. ‘ಓ’ ಅಂದರೆ ಅಕ್ಷರ ಮಾತ್ರ. ಹೀಗೆ ಅರ್ಧ ಗಂಟೆ ಓದಿ, ಕಾಫಿಗೆ ಎದ್ದು ಮತ್ತೆ ಅರ್ಧ ಗಂಟೆ. ಅದಕ್ಕಿಂತ ಹೆಚ್ಚು ಓದಿದರೆ ಇಬ್ಬರೂ ಹಾಡಿನ ಲಯಕ್ಕೆ ಬಿದ್ದು, ಮುಂದಿನ ಅಂಕಿಯನ್ನು ಕೇಳುವ ಮೊದಲೇ ಸರಿ ಅಂದುಬಿಡುತ್ತೇವೆ.

ತಿದ್ದಿದ ಪ್ರೂಫ್ ಮರಳಿ ಬಂದಾಗ ತಿದ್ದಿದ ಜಾಗವಷ್ಟನ್ನೇ ನೋಡುವುದು ಸಾಲದು. ಒಂದು ಸಾಲು ಸೇರಿಸಿದ್ದಕ್ಕೆ ಪುಟದ ಕೊನೆಯ ಸಾಲು ಮುಂದಕ್ಕೆ ಬಿದ್ದಿರುತ್ತದೆ, ಕೋಡೊಂದು ಅಡ್ಡಗೆರೆಯ ಬಳಿ ಮುರಿದು ಎರಡು ಸಾಲಾಗಿರುತ್ತದೆ. ಆ ಗೆರೆ ಕೋಡಿನದೋ, ಸಾಲು ಮುರಿದದ್ದಕ್ಕೆ ಬಂದದ್ದೋ ಓದುಗರಿಗೆ ತಿಳಿಯುವ ದಾರಿಯೇ ಇಲ್ಲ.

ಬೇರಿಂಗಿನ ಪುಟವನ್ನು ಎರಡು ಪ್ರಶ್ನೆಚಿಹ್ನೆಯೊಡನೆ ಮಳಿಗೆಯವರಿಗೆ ಕಳಿಸಿದ್ದೆವು. ಮರುದಿನ ಡಿಟಿಪಿ ಮಾಡುವ ಹುಡುಗಿ ಫೋನ್ ಮಾಡಿದಳು. “ಮೇಡಂ, 6205 ಸರಿಯಂತೆ. 240ನೂ ಸರಿಯಂತೆ. ಆದ್ರೆ 6208ದು 410 ಅಲ್ವಂತೆ, ಅದು ಹೋದ್ವರ್ಷದ ರೇಟಂತೆ. ಈಗ 435.”

ಆ ಸಾಲಿನಲ್ಲಿ ಕೋಡು ಅಳತೆಗೆ ಒಪ್ಪಿತ್ತು, ತೆರಿಗೆ ಬೆಲೆಗೆ ಒಪ್ಪಿತ್ತು, ಪ್ರೂಫು ಮೂಲಕ್ಕೆ ಒಪ್ಪಿತ್ತು. ನಾನು ಅದರ ಎದುರು ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದ್ದೆ. ಅವಳಿಗೆ 513.30 ಅಂತ ಕೊನೆಯ ಕಾಲಂ ಕೂಡ ಬದಲಿಸಲು ಹೇಳಿ, ಉಳಿದ ಐದರ ಬೆಲೆಯೂ ಈ ವರ್ಷದ್ದೇನಾ ಅಂತ ಮತ್ತೊಮ್ಮೆ ಕೇಳಿಸಿದೆ.